ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ

ನಮ್ಮ ಅಜ್ಜಂಪುರದ ಪಕ್ಕದ್ಮನೆ ಮೇಷ್ಟ್ರು ಬೇಲಿ ಹತ್ರ ಬಂದ್ರು ಅಂದ್ರೆ ಒಂದೋ ತೆಂಗಿನ ಮಾತು, ಇಲ್ಲ ಬ್ಯಾಂಕಿನ ಮಾತು. ಈ ಸಲ ಬ್ಯಾಂಕು. ಬೆಳೆ ಸಾಲ ಪೂರ್ತಿ ಕಟ್ಟಾಗಿದೆ, ಆದರೂ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಅಂಟಿಕೊಂಡೇ ಕೂತಿದೆ. ಅದನ್ನು ತೆಗೆಸಬೇಕಾದ್ರೆ ನೋ ಡ್ಯೂ ಪತ್ರ ಬೇಕು. ಈಮೇಲ್ ಕಳಿಸಿ ಹದಿನೈದು ದಿನ ಆದ್ರೂ ಉತ್ತರವಿಲ್ಲ.

“ನೀನು ತರೀಕೆರೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟೋನು, ಹೇಳಯ್ಯ. ನಾನು ಬರೆದಿದ್ರಲ್ಲಿ ಒಂದು ಕಾಗುಣಿತ ತಪ್ಪಿದ್ಯಾ?” ಅಂತ ಫೋನನ್ನು ಬೇಲಿ ಮೇಲಿಂದ ಚಾಚಿದರು.

ಕಾಗುಣಿತ ತಪ್ಪಿರಲಿಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದೋರು, ತಪ್ಪು ಎಲ್ಲಿಂದ ಬರಬೇಕು? “ಗೆ, ಮಾನ್ಯ ಶಾಖಾ ವ್ಯವಸ್ಥಾಪಕರು” ಅಂತ ಶುರು. ಆಮೇಲೆ “ಇಂದ”, ಆಮೇಲೆ “ಮಾನ್ಯರೇ”, ಆಮೇಲೆ ವಿಷಯ, ಉಲ್ಲೇಖ, “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ”. ಏನೆಂದರೆ ಏನು ಅನ್ನೋದು ಸಿಗಬೇಕಾದ್ರೆ ನಾನು ಹೆಬ್ಬೆರಳಲ್ಲಿ ನಾಲ್ಕು ಸಲ ತಳ್ಳಬೇಕಾಯ್ತು.

“ಮೇಷ್ಟ್ರೇ, ಆ ಮ್ಯಾನೇಜರ್ ಮೇಡಂ ದಿನಾ ಕಡೂರಿಂದ ರೈಲಲ್ಲಿ ಬರ್ತಾರೆ ಅಂದ್ರಲ್ಲ?”

“ಹೌದು, ಬೀರೂರು ದಾಟಿ ಇಲ್ಲಿಗೆ.”

“ಹಂಗಾದ್ರೆ ಮೇಲ್ ನೋಡೋದು ಆ ರೈಲಲ್ಲೇ ಅಂದ್ಕೊಳ್ಳಿ. ಫೋನಲ್ಲಿ ಮೇಲ್ ಬಿಚ್ಚೋಕ್ ಮುಂಚೆ ಕಾಣೋದು ಮೂರೇ: ಕಳಿಸಿದೋರ ಹೆಸರು, ಅದರ ಕೆಳಗೆ ಸಬ್ಜೆಕ್ಟು, ಅದರ ಕೆಳಗೆ ಒಳಗಿನ ಮೊದಲ ಸಾಲಿನ ಒಂದು ತುಣುಕು. ನಿಮ್ಮ ಸಬ್ಜೆಕ್ಟು ‘ಮನವಿ ಪತ್ರ’. ತುಣುಕಲ್ಲಿ ‘ಗೆ, ಮಾನ್ಯ ಶಾಖಾ ವ್ಯವಸ್ಥಾಪಕರು’. ತಾನು ಶಾಖಾ ವ್ಯವಸ್ಥಾಪಕಿ ಅನ್ನೋದು ಆಯಮ್ಮಂಗೆ ಮೊದಲೇ ಗೊತ್ತು!”

ಮೇಷ್ಟ್ರು ನಗಲಿಲ್ಲ. ಪತ್ರಲೇಖನದ ಪಾಠಕ್ಕೆ ಕೈ ಹಾಕಿದ್ರೆ ಅವರಿಗೆ ಸಿಟ್ಟು ಬರುತ್ತೆ. ಆದ್ರೆ ಆ ಪಾಠ ಕಾಗದಕ್ಕೆ ಮಾಡಿದ್ದು. ಕಾಗದ ಕೈಗೆ ಬಂದ್ರೆ ಇಡೀ ಹಾಳೆ ಒಂದೇ ನೋಟಕ್ಕೆ ಕಾಣುತ್ತೆ, “ಗೆ” “ಇಂದ”ಗಳನ್ನು ಕಣ್ಣು ತಾನಾಗೇ ಹಾರಿಸಿ ವಿಷಯಕ್ಕೆ ಹೋಗುತ್ತೆ. ಫೋನು ಅದನ್ನೇ ಉದ್ದಕ್ಕೆ ಇಳಿಬಿಡುತ್ತೆ. ಕಂಪ್ಯೂಟರಿನಲ್ಲಿ ಮೂರು ಸಾಲಿರೋ ಪ್ಯಾರಾ ಅಲ್ಲಿ ಏಳೆಂಟು ಸಾಲಾಗುತ್ತೆ. ಮೇಷ್ಟ್ರ ಪ್ಯಾರಾ ಒಂದೇ ಒಂದು, ಸಾಲದ ಚರಿತ್ರೆಯಿಂದ ಹಿಡಿದು ಮಗನ ಡ್ರಿಪ್ ಸಾಲದವರೆಗೆ. ಎಲ್ಲಿ ನಿಲ್ಲಿಸಿದ್ವಿ ಅಂತ ಗುರುತಿಗೆ ಒಂದು ಖಾಲಿ ಸಾಲೂ ಇಲ್ಲ. ಮಧ್ಯೆ ಸಿಗ್ನಲ್ ಹೋಗಿ ಬಂದ್ರೆ ಮತ್ತೆ ಮೊದಲಿಂದ.

“ಡ್ರಿಪ್ ವಿಷಯ ಇಲ್ಲಿ ಯಾಕೆ ಬಂತು ಮೇಷ್ಟ್ರೇ?”

“ಹೆಂಗೂ ಬರೀತಿದ್ನಲ್ಲ, ಒಟ್ಟಿಗೆ ಕೇಳಿಬಿಡೋಣ ಅಂತ. ಪಾಸ್‌ಬುಕ್ ಎಂಟ್ರಿ ಮಾತೂ ಹಾಕಿದ್ದೀನಿ.”

ಇದೇ ನೋಡಿ. ನೋ ಡ್ಯೂ ಪತ್ರ ಹತ್ತು ನಿಮಿಷದ ಕೆಲಸ ಇರಬಹುದು. ಡ್ರಿಪ್ ಸಾಲಕ್ಕೆ ಫೀಲ್ಡ್ ಆಫೀಸರ್ ತೋಟ ನೋಡಬೇಕು. ಮೂರನ್ನೂ ಒಂದೇ ಮೇಲಲ್ಲಿ ಕೇಳಿದ್ರೆ, ಓದಿದೋರು ನಿಧಾನದ ಕೆಲಸ ಮುಗಿದ ಮೇಲೆ ಒಟ್ಟಿಗೆ ಉತ್ತರ ಕೊಡೋಣ ಅಂತ ಎತ್ತಿಡ್ತಾರೆ. ಡ್ರಿಪ್ಪಿಗೆ ಬೇರೆ ಮೇಲ್ ಹಾಕಿ, ಪಾಸ್‌ಬುಕ್ಕಿಗೆ ಮೇಲೇ ಬೇಡ, ಕೌಂಟರಿಗೆ ಹೋಗಿ ಅಂದೆ.

ಆಮೇಲೆ ಅಟ್ಯಾಚ್‌ಮೆಂಟ್ ನೋಡಿದೆ. ಐದು ಫೈಲು. ಮೊದಲನೇದು `IMG_20251103_101544.jpg`, ಎರಡನೇದರಲ್ಲಿ ಕೊನೇ ಅಂಕಿ ಮಾತ್ರ ಬೇರೆ, ಮೂರನೇದು `WhatsApp Image`, ಮಿಕ್ಕಿದ್ದು ಸ್ಕ್ಯಾನ್ ಮಾಡಿದ್ದು. ಫೋನಲ್ಲಿ ಉದ್ದನೆ ಹೆಸರು ಪೂರ್ತಿ ಕಾಣೋದೂ ಇಲ್ಲ, ಅರ್ಧಕ್ಕೇ ಚುಕ್ಕಿ ಚುಕ್ಕಿ. ಯಾವುದು ರಸೀದಿ, ಯಾವುದು ಪಹಣಿ ಅಂತ ಒಂದೊಂದೇ ಬಿಚ್ಚಿ ನೋಡಬೇಕು. ಬಿಚ್ಚಿದ್ರೆ ಇನ್ನೊಂದು ತಮಾಷೆ. ಪಹಣಿ ಎರಡಿವೆ, ಸರ್ವೆ ನಂಬರು ಒಂದೇ, ಒಂದರಲ್ಲಿ ತಾಲ್ಲೂಕು ತರೀಕೆರೆ, ಇನ್ನೊಂದರಲ್ಲಿ ಅಜ್ಜಂಪುರ. ತರೀಕೆರೆಯಿಂದ ನಮ್ಮದು ಬೇರೆ ತಾಲ್ಲೂಕಾಗೋಕೆ ಮುಂಚಿನ ಹಳೇ ಪ್ರಿಂಟನ್ನೂ ಮೇಷ್ಟ್ರು ದಾಖಲೆ ಇರಲಿ ಅಂತ ಸೇರಿಸಿದ್ದಾರೆ. ಹೊಸದಾಗಿ ವರ್ಗವಾಗಿ ಬಂದ ಮ್ಯಾನೇಜರಿಗೆ ಇದು ಎರಡು ಜಮೀನು ಅನ್ನಿಸಿದ್ರೆ ತಪ್ಪು ಯಾರದು?

ಹಳೇ ಪಹಣಿಯನ್ನೂ ಬೇಡದ ಮಿಕ್ಕ ಫೈಲುಗಳನ್ನೂ ತೆಗೆಸಿದೆ. ಉಳಿದಿದ್ದು ಎರಡೇ: ಸಾಲ ಕಟ್ಟಿದ ರಸೀದಿ, ಈಗಿನ ಪಹಣಿ. ಹೆಸರಿನಲ್ಲಿ ಮೊದಲು ಅದು ಏನು ಅನ್ನೋದು ಬರಬೇಕು, ಹೆಸರು ಅರ್ಧಕ್ಕೆ ತುಂಡಾದ್ರೂ ಅದು ಉಳಿಯುತ್ತೆ. ಮೇಷ್ಟ್ರು `Pahani 45/2` ಅಂತ ಕೊಡೋಕೆ ಹೋದ್ರು. ಅವರ ಮನೆಯ ವಿಂಡೋಸ್ ಕಂಪ್ಯೂಟರು ಒಪ್ಪಲಿಲ್ಲ. ಫೈಲ್ ಹೆಸರಲ್ಲಿ ಓರೆಗೀಟು ಹಾಕೋಕೆ ಅದು ಬಿಡಲ್ಲ, ನಮ್ಮ ಸರ್ವೆ ನಂಬರಿನಲ್ಲೋ ಓರೆಗೀಟು ಇಲ್ಲದೆ ನಡೆಯಲ್ಲ. ಚಿಕ್ಕ ಗೀಟು ಹಾಕಿದ್ರೆ ಆಯ್ತು:

```
Raseedi-Bele-Sala-03Nov2025.pdf
Pahani-45-2-Ajjampura-Nov2025.pdf
```

ಕನ್ನಡದಲ್ಲೇ ಹೆಸರು ಕೊಡಬಾರದಾ ಅಂತ ಕೇಳಿದ್ರು. ಕೊಡಬಹುದು, ಆದರೆ ಯಾವುದೋ ಹಳೇ ಕಂಪ್ಯೂಟರಲ್ಲಿ ಅಕ್ಷರದ ಬದಲು ಚೌಕ ಚೌಕ ಕಂಡರೆ ಮತ್ತೆ ಕಷ್ಟ. ಫೈಲಿನ ಹೆಸರಿಗೆ ಇಂಗ್ಲಿಷ್ ಅಕ್ಷರ ಇರಲಿ, ಒಳಗೆ ಕನ್ನಡ ಇರಲಿ.

ಒಳಗಿನ ಕನ್ನಡದ್ದೇ ದೊಡ್ಡ ಕಥೆ. ಈ ಮೇಲೇನೋ ಫೋನಲ್ಲಿ ಸರಿಯಾಗೇ ಕಂಡಿತ್ತು, ಆದ್ರೆ ಸಾಮಾನ್ಯವಾಗಿ ಮೇಷ್ಟ್ರು ಹಳೇ ನುಡಿಯಲ್ಲಿ ಟೈಪ್ ಮಾಡಿ ಅದನ್ನೇ ಮೇಲಿಗೆ ಅಂಟಿಸೋ ಅಭ್ಯಾಸದೋರು. ಅವರ ಕಂಪ್ಯೂಟರಲ್ಲಿ ಆ ಫಾಂಟ್ ಇದೆ, ಚೆಂದ ಕಾಣುತ್ತೆ. ಫೋನಲ್ಲಿ ಆ ಫಾಂಟ್ ಇರಲ್ಲ, ಅಲ್ಲಿ ಮಾನ್ಯರೇ ಅನ್ನೋದು ಹೀಗಾಗುತ್ತೆ:

```
ªÀiÁ£ÀågÉÃ
```

ಅಂಗಡಿಗೆ ಇಂಥದ್ದು ಹಿಡ್ಕೊಂಡು ಬರೋರು ಇವತ್ತಿಗೂ ಇದ್ದಾರೆ, ‘ವೈರಸ್ ಬಂದಿದೆ ನೋಡಿ’ ಅಂತ. ವೈರಸ್ಸಲ್ಲ, ಅದು ಕನ್ನಡವೇ. ಹಳೇ ನುಡಿ ಇಂಗ್ಲಿಷಿನ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿತ್ತು, ಚಿತ್ರ ಇಲ್ಲದ ಕಡೆ ಅದರಡಿಯ ಇಂಗ್ಲಿಷ್ ಕೊಕ್ಕೆ ಅಕ್ಷರಗಳೇ ಎದ್ದು ಕಾಣುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಅಥವಾ ಪರಿವರ್ತಕದಲ್ಲಿ ಹಾಕಿ ತೆಗೀರಿ. ಕಳಿಸೋ ಮುಂಚೆ ನಿಮ್ಮ ಫೋನಿಗೇ ಒಂದು ಕಳಿಸ್ಕೊಂಡು ನೋಡಿದ್ರೆ ಇದೂ ಕಾಣುತ್ತೆ, ಪ್ಯಾರಾ ಉದ್ದವೂ ಕಾಣುತ್ತೆ, ಫೈಲ್ ಬಿಚ್ಚುತ್ತೋ ಇಲ್ವೋ ಗೊತ್ತಾಗುತ್ತೆ. ಬ್ಯಾಂಕಿನವರೇ ಕಳಿಸೋ ಸ್ಟೇಟ್‌ಮೆಂಟಿಗೆ ಎಷ್ಟೋ ಸಲ ಪಾಸ್‌ವರ್ಡ್ ಇರುತ್ತೆ. ಅದನ್ನು ಹಂಗೇ ದಾಟಿಸಿದ್ರೆ ಆ ಕಡೆಯೋರಿಗೆ ಬೀಗ ಮಾತ್ರ ಸಿಗುತ್ತೆ.

ಕೊನೆಗೆ ಬೇಲಿ ಮೇಲೇ ಫೋನಿಟ್ಟು ಇಬ್ಬರೂ ಸೇರಿ ಬರೆದದ್ದು ಇಷ್ಟು. ಸಬ್ಜೆಕ್ಟು: “ನೋ ಡ್ಯೂ ಪತ್ರ ಬೇಕು, ಬೆಳೆ ಸಾಲ 4417”. ಅದು ಖಾತೆಯ ಕೊನೇ ನಾಲ್ಕು ಅಂಕಿ.

“ನಮಸ್ಕಾರ ಮೇಡಂ. ನನ್ನ ಬೆಳೆ ಸಾಲ ನವೆಂಬರ್ 3ಕ್ಕೆ ತೀರಿದೆ. ನೋ ಡ್ಯೂ ಪತ್ರವನ್ನು ನವೆಂಬರ್ 28ರೊಳಗೆ ಕೊಡಬೇಕಾಗಿ ಕೋರುತ್ತೇನೆ.

ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಅದನ್ನು ತೆಗೆಸಲು ಈ ಪತ್ರ ಬೇಕು.

ಲಗತ್ತು ಎರಡು: ಸಾಲ ಕಟ್ಟಿದ ರಸೀದಿ, ಈಗಿನ ಪಹಣಿ.

ಪತ್ರ ಸಿದ್ಧವಾದರೆ ಫೋನ್ ಮಾಡಿ, ನಾನೇ ಬಂದು ಪಡೆಯುತ್ತೇನೆ.”

ಕೆಳಗೆ ಪಾಸ್‌ಬುಕ್ಕಿನಲ್ಲಿರೋ ಹಾಗೇ ಹೆಸರು, ಮೊಬೈಲ್ ನಂಬರು. “ಇದೇ ವಾರದೊಳಗೆ” ಅಂತ ಬರೆಯೋಕೆ ಹೊರಟಿದ್ರು, ತಾರೀಕು ಹಾಕಿಸಿದೆ. ಮೇಡಂ ಸೋಮವಾರ ಓದಿದ್ರೆ ‘ಇದೇ ವಾರ’ ಯಾವ ವಾರ?

ಮೇಷ್ಟ್ರು ಒಂದು ಸಲ ಓದಿದ್ರು, ಇನ್ನೊಂದು ಸಲ ಓದಿದ್ರು. “ಬೋಳು ಬೋಳಾಗಿದೆ ಕಣಯ್ಯ. ‘ಇಂತಿ ತಮ್ಮ ವಿಶ್ವಾಸಿ’ ಆದ್ರೂ ಇರಲಿ.”

“ಧಾರಾಳವಾಗಿ ಇರಲಿ ಮೇಷ್ಟ್ರೇ, ಅದು ಕೆಳಗಡೆ ತಾನೇ ಬರೋದು, ಯಾರ ದಾರಿಗೂ ಅಡ್ಡ ಇಲ್ಲ.”

“ಹಂಗಾದ್ರೆ ‘ಗೌರವಪೂರ್ವಕ ವಂದನೆಗಳೊಂದಿಗೆ’ ಅಂತಾನೂ ಸೇರಿಸ್ತೀನಿ” ಅಂದು, ಕನ್ನಡಕ ಸರಿ ಮಾಡ್ಕೊಂಡು ಅದನ್ನು ಟೈಪ್ ಮಾಡೋಕೆ ಕೂತರು.