ಮಾವಿನ ಹಣ್ಣಿನ ಪಾಲುದಾರರು

ಮಾವಿನ ಕಾಲ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಆಂಟಿ ಪಟ್ಟಿ ಹಿಡಿದು ಹೊರಡುತ್ತಾರೆ. ಇಪ್ಪತ್ತು ಮನೆಯ ಬಾದಾಮಿ ಒಂದೇ ಗಾಡಿಯಲ್ಲಿ ಬಂದರೆ ಬಾಡಿಗೆ ಹಂಚಿಹೋಗುತ್ತದೆ. ರಿಯಾಯಿತಿಯ ಗುಟ್ಟು ಅಷ್ಟೇ.

ಈ ಸಲ ಆನ್‌ಲೈನಿನಲ್ಲಿ ಸಿಕ್ಕವನೊಬ್ಬ ಪೂರ್ತಿ ದುಡ್ಡು ಮುಂಗಡ ಕೇಳಿದ.

"ಮೊದ್ಲು ಒಂದು ಬಾಕ್ಸ್ ಕಳ್ಸಪ್ಪಾ, ತಿಂದು ಹೇಳ್ತೀವಿ."

"ನಂಬಿಕೆಗೆ ನಾನೇ ನೂರು ರೂಪಾಯಿ ಹಾಕ್ತೀನಿ ಮೇಡಂ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ."

"ದುಡ್ಡು ಬರೋಕೆ ಪಿನ್ ಯಾಕಪ್ಪಾ? ಪಿನ್ ಒತ್ತಿದ್ರೆ ಹೋಗತ್ತೆ ಅಷ್ಟೇ!"

ಫೋನು ಕಟ್ಟಾಯಿತು. ಕೊನೆಗೆ ಸ್ಯಾಂಪಲ್ ಕಳಿಸಿದ ಬೆಳೆಗಾರರೊಬ್ಬರಿಂದಲೇ ತರಿಸಿ, ಗೇಟಿನಲ್ಲಿ ಖಾಲಿ ಕ್ರೇಟಿನ ತೂಕ ಕಳೆದು, ಆಮೇಲೆ ಹಣ ಕೊಟ್ಟೆವು.

ನೆರೆಹೊರೆಯವರಲ್ಲಿ ಒಂದೇ ವಿನಂತಿ: ಹೆಸರು ಬರೆಸುವಾಗಲೇ ಆಂಟಿಯ ಕೈಗೆ ದುಡ್ಡು ಕೊಡಿ. ಹಣ್ಣು ಬಂದಮೇಲೆ "ನಮ್ಮನೆಯವ್ರಿಗೆ ಶುಗರ್ರು" ಎನ್ನಬೇಡಿ.