ಎಡಹೊಳ್ಳೆಯ ಸತ್ಯಾಗ್ರಹ

ನಮ್ಮ ಮನೆಯ ದೇವರ ಕೋಣೆಯಲ್ಲಿರುವ ದೇವರುಗಳಿಗಿಂತ ಫ್ರಿಜ್ಜಿನ ಬಾಗಿಲಲ್ಲಿರುವ ಕೆಮ್ಮಿನ ಬಾಟಲಿಗಳೇ ಹೆಚ್ಚು. ಎಲ್ಲವೂ ಅರ್ಧ ಖಾಲಿ. ಮುಚ್ಚಳಕ್ಕೆ ಪಾಕ ಮೆತ್ತಿ, ತೆಗೆಯಲು ಹೋದರೆ ಮುಚ್ಚಳದ ಜೊತೆ ಬಾಟಲಿಯೂ ತಿರುಗುತ್ತದೆ. ಯಾವುದು ಯಾರಿಗೆ, ಯಾವ ಕೆಮ್ಮಿಗೆ, ಯಾವ ವರ್ಷ ಬರೆದುಕೊಟ್ಟದ್ದು ಎಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹಾಗಾಗಿ ನಾನು ಬಣ್ಣ ನೋಡಿ ಕುಡಿಯುವವನು. ಕೆಂಪು ಒಣಕೆಮ್ಮಿಗೆ, ಹಸಿರು ಕಫಕ್ಕೆ. ಯಾವ ಕೆಮ್ಮು ಅಂತ ತೀರ್ಮಾನವಾಗದಿದ್ದರೆ ಎರಡೂ.

ಇವಲ್ಲದೆ ನನ್ನ ಅಂಗಿಯ ಜೇಬಿನಲ್ಲಿ ಸದಾ ಹತ್ತು ಎಂ.ಎಲ್.ನ ಇನ್ನೊಂದು ಬಾಟಲಿ. ಮೂಗಿಗೆ ಬಿಟ್ಟುಕೊಳ್ಳುವ ಡ್ರಾಪ್ಸ್. ಪೆನ್ನು, ಕನ್ನಡಕ, ಮನೆ ಬೀಗದ ಕೈ ಮರೆತು ಹೊರಟದ್ದುಂಟು, ಅದನ್ನು ಮರೆತದ್ದಿಲ್ಲ. ಮದುವೆ ಮನೆಯಲ್ಲಿ ಅಕ್ಷತೆ ಹಾಕುವ ಮೊದಲು ಕಂಬದ ಮರೆಗೆ ಹೋಗಿ ಎರಡು ಹನಿ, ಸಿನಿಮಾದಲ್ಲಿ ಮಧ್ಯಂತರಕ್ಕೆ ಎರಡು ಹನಿ, ರಾತ್ರಿ ಮಲಗುವಾಗ ಎರಡು, ನಡುರಾತ್ರಿ ಕತ್ತಲಲ್ಲಿ ತಡಕಾಡಿ ಮತ್ತೆರಡು. ನನ್ನ ಹೆಂಡತಿ ಆ ಬಾಟಲಿಗೆ ಇಟ್ಟ ಹೆಸರು ‘ಸವತಿ’. “ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾರೆ, ಇನ್ನೇನು ಬಾಕಿ ಇದೆ?” ಅಂತ ಅವಳು ಅಮ್ಮನ ಹತ್ತಿರ ದೂರು ಕೊಟ್ಟದ್ದೂ ಆಯಿತು.

ನನ್ನ ಕಷ್ಟ ಇವರಿಗೆ ಅರ್ಥವಾಗುವುದಿಲ್ಲ. ನೆಗಡಿ ಬಂದದ್ದು ಹೋಗಿ ಎಷ್ಟೋ ಕಾಲವಾದರೂ ಮೂಗು ಬಿಡಲೊಲ್ಲದು. ರಾತ್ರಿ ಬಾಯಿ ತೆರೆದೇ ಉಸಿರಾಟ. ಗಂಟಲು ಒಣಗಿ ಕೆಮ್ಮು. ಕೆಮ್ಮಿಗೆ ಕೆಂಪು ಬಾಟಲಿ, ಕೆಂಪಿಗೆ ಬಗ್ಗದಿದ್ದರೆ ಹಸಿರು ಬಾಟಲಿ. ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ಕೈ ಗಡಗಡ ನಡುಗಿ ತಟ್ಟೆಯಲ್ಲೇ ಅರ್ಧ ಕಾಫಿ. “ವಯಸ್ಸಾಯ್ತು ಕಣೋ” ಅಂದಳು ಅಮ್ಮ, ಎಂಬತ್ತರ ಅಂಚಿನಲ್ಲಿ ನಡುಗದ ಕೈಯಿಂದ ತನ್ನ ಲೋಟ ಎತ್ತುತ್ತಾ.

ಈ ಸಂಸಾರದೊಳಗೆ ರಜೆಗೆ ಬಂದವಳು ಹೆಂಡತಿಯ ಅಕ್ಕನ ಮಗಳು. ಎಂ.ಫಾರ್ಮ ಓದುತ್ತಿದ್ದಾಳೆ. ಬಂದ ದಿನವೇ ಫ್ರಿಜ್ಜಿನ ಬಾಗಿಲು ತೆರೆದವಳು, ಬಾಟಲಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಲೇಬಲ್ ಒರೆಸಿ ಓದತೊಡಗಿದಳು. ಇಷ್ಟು ವರ್ಷದಲ್ಲಿ ಆ ಲೇಬಲ್ಲುಗಳನ್ನು ಓದಿದ ಮೊದಲ ಮನುಷ್ಯಜೀವಿ ಅವಳೇ.

“ಚಿಕ್ಕಪ್ಪ, ಕೆಂಪು ಬಾಟಲಿಯಲ್ಲಿ ಡೆಕ್ಸ್ಟ್ರೊಮೆಥಾರ್ಫನ್ ಇದೆ. ಇದು ಗಂಟಲಿನಲ್ಲಿ ಕೆಲಸ ಮಾಡಲ್ಲ, ಮಿದುಳಲ್ಲಿ ಮಾಡತ್ತೆ. ಮಿದುಳಿನ ಬುಡದಲ್ಲಿ, ಬೆನ್ನುಹುರಿ ಶುರುವಾಗೋ ಜಾಗದಲ್ಲಿ, ಕೆಮ್ಮು ಅಂತ ಅಪ್ಪಣೆ ಕೊಡೋ ಒಂದು ಕೇಂದ್ರ ಇದೆ. ಅದನ್ನು ಮಂಕು ಮಾಡತ್ತೆ. ಕೊಡೀನ್ ಮಾಡೋದೂ ಅದೇ ಕೆಲಸ.”

“ಮಿದುಳಿಗೆ ಹೋಗಿ ಕೆಲಸ ಮಾಡತ್ತಾ?” ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. “ಹಾಗಾದ್ರೆ ನಿಮ್ಮ ಚಿಕ್ಕಪ್ಪನಿಗೆ ಅದು ನಾಟದೇ ಇರೋದರಲ್ಲಿ ಆಶ್ಚರ್ಯ ಏನಿಲ್ಲ ಬಿಡು.”

ಹುಡುಗಿ ನಗು ತಡೆದುಕೊಂಡು ಮುಂದುವರಿಸಿದಳು. ಮಿದುಳಿನ ತಂಟೆಗೆ ಹೋಗದೆ, ಕೆಮ್ಮಿನ ಸುದ್ದಿ ಹುಟ್ಟುವ ಜಾಗದಲ್ಲೇ, ಅಂದರೆ ಗಂಟಲು ಮತ್ತು ಶ್ವಾಸನಾಳದ ನರಗಳ ತುದಿಯಲ್ಲೇ ಕೆಲಸ ಮಾಡುವ ಔಷಧಿಗಳೂ ಇವೆಯಂತೆ. ಲೆವೊಡ್ರೊಪ್ರೊಪಿಜಿನ್ ಅಂಥದ್ದು, ಅದರಲ್ಲಿ ತೂಕಡಿಕೆ ಕಡಿಮೆ. ಗಂಟಲಿಗೆ ಲೇಪವಾಗಿ ಕೂತು ಕೆರೆತ ತಗ್ಗಿಸುವ ಜೇನುತುಪ್ಪವನ್ನೂ ಅವಳು ಅದೇ ಸಾಲಿಗೆ ಸೇರಿಸಿದಳು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು ಎಂದೂ ಎಚ್ಚರಿಸಿದಳು. ನೆಗಡಿಯ ಕೆಮ್ಮಿಗೆ ಈ ಸಿರಪ್ಪುಗಳಿಂದ ಆಗುವ ಲಾಭ ನಾವು ಅಂದುಕೊಂಡಷ್ಟಿಲ್ಲವಂತೆ. ಹೆಚ್ಚಿನ ಕೆಮ್ಮು ತಾನಾಗಿ ಹೋಗುವಾಗ ಕೈಯಲ್ಲಿದ್ದ ಬಾಟಲಿ ಹೆಸರು ಹೊಡೆದುಕೊಳ್ಳುತ್ತದಂತೆ.

ಆಮೇಲೆ ಹಸಿರು ಬಾಟಲಿ. ಅದರಲ್ಲಿ ಕಫ ಕರಗಿಸುವ ಆಂಬ್ರಾಕ್ಸಾಲ್, ಕಫಕ್ಕೆ ನೀರು ಕೂಡಿಸಿ ತೆಳುವಾಗಿಸುವ ಗ್ವಾಯ್ಫೆನೆಸಿನ್, ಶ್ವಾಸನಾಳ ಹಿಗ್ಗಿಸುವ ಟರ್ಬ್ಯುಟಲೀನ್. ನನ್ನ ಕೈ ನಡುಗಿಸಿ ಕಾಫಿ ಚೆಲ್ಲಿಸಿದವನು ಈ ಮೂರನೆಯವನೇ. ಅಮ್ಮನ ಕಡೆ ನಾನೊಮ್ಮೆ ಗೆದ್ದವನಂತೆ ನೋಡಿದೆ.

“ಚಿಕ್ಕಪ್ಪ, ಎರಡನ್ನೂ ಒಟ್ಟಿಗೆ ಕುಡೀತಿದ್ರಾ?”

“ಒಂದರ ಮೇಲೊಂದು. ಒಟ್ಟಿಗೇನಲ್ಲ.”

“ಹಸಿರು ಕಫ ಸಡಿಲ ಮಾಡತ್ತೆ. ಸಡಿಲವಾದ ಕಫ ಆಚೆ ಬರಬೇಕಾದ್ದು ಕೆಮ್ಮಿನಿಂದಲೇ. ಕೆಂಪು ಆ ಕೆಮ್ಮನ್ನೇ ಮಲಗಿಸತ್ತೆ. ಆ ಕಫ ಎಲ್ಲಿಗೆ ಹೋಗಬೇಕು ಹೇಳಿ?”

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದವಳು ಅಮ್ಮ. “ಅದಕ್ಕೇ ಹೇಳಿದ್ದು, ಹಿತ್ತಲಲ್ಲಿ ಆಡುಸೋಗೆ ಇದೆ, ಎಲೆ ಕಿತ್ತು ಕಷಾಯ ಮಾಡಿ ಕುಡಿ ಅಂತ.” ಹುಡುಗಿ ಅಜ್ಜಿಯನ್ನು ನೋಡಿದ ರೀತಿಯೇ ಬದಲಾಯಿತು. ಆಡುಸೋಗೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆಯಂತೆ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ತಯಾರಿಸಿದ್ದು ಬ್ರೋಮ್‌ಹೆಕ್ಸಿನ್. ಬ್ರೋಮ್‌ಹೆಕ್ಸಿನ್ ದೇಹದೊಳಗೆ ಬದಲಾಗಿ ಹುಟ್ಟುವುದು ಆಂಬ್ರಾಕ್ಸಾಲ್. ಅಂದರೆ ನನ್ನ ಹಸಿರು ಬಾಟಲಿಯ ಮೂಲಪುರುಷ ನಮ್ಮ ಹಿತ್ತಲ ಬೇಲಿಯಲ್ಲೇ ನಿಂತಿದ್ದಾನೆ. ಅಮ್ಮ ಆ ಮಧ್ಯಾಹ್ನ ಬೀದಿಯ ಪ್ರತಿ ಮನೆಗೂ ಹೋಗಿ ಈ ಸುದ್ದಿ ಹಂಚಿ ಬಂದಳು.

ನಾನು ಮೆಲ್ಲನೆ ಜಾಗ ಖಾಲಿ ಮಾಡುವುದರಲ್ಲಿದ್ದೆ. ಅಷ್ಟರಲ್ಲಿ ಮೂಗು ಕಟ್ಟಿತು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ಹುಡುಗಿ ಬಾಟಲಿ ಇಸಿದುಕೊಂಡು ಓದಿದಳು: ಜೈಲೊಮೆಟಜೊಲಿನ್, 0.1 ಪರ್ಸೆಂಟ್.

“ಎಷ್ಟು ದಿನದಿಂದ?”

“ಕಳೆದ ನೆಗಡಿಯಿಂದ,” ಅಂದೆ.

“ಮಳೆಗಾಲದಿಂದ,” ಅಂದಳು ಹೆಂಡತಿ. ಅವಳು ಹೀಗೆ ಹೇಳಿದ್ದು ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕಾಲದಲ್ಲಿ.

ಹುಡುಗಿ ಬಿಡಿಸಿ ಹೇಳಿದಳು. ಮೂಗಿನೊಳಗೆ ಪಕ್ಕದ ಗೋಡೆಯಿಂದ ಹೊರಚಾಚಿದ ಮೆತ್ತನೆಯ ಮಡಿಕೆಗಳಿವೆ. ಅವುಗಳ ತುಂಬ ರಕ್ತನಾಳ. ನೆಗಡಿಯಾದಾಗ ಅವುಗಳಲ್ಲಿ ರಕ್ತ ತುಂಬಿ ಮಡಿಕೆ ಉಬ್ಬುತ್ತದೆ, ದಾರಿ ಮುಚ್ಚುತ್ತದೆ. ಕಟ್ಟಿದ ಮೂಗೆಂದರೆ ಸಿಂಬಳ ತುಂಬಿದ ಮೂಗು ಅಂತ ನಾನು ತಿಳಿದಿದ್ದೆ; ಬಹುಪಾಲು ಅದು ಈ ಊತ. ಡ್ರಾಪ್ಸ್ ಆ ರಕ್ತನಾಳಗಳನ್ನು ಬಿಗಿಯಾಗಿ ಸಂಕುಚಿಸುತ್ತದೆ. ಐದು ಹತ್ತು ನಿಮಿಷದಲ್ಲಿ ಮೂಗು ತೆರೆದು, ಹಿಮಾಲಯದ ಗಾಳಿ ಒಳಗೆ ಬಂದಂತಾಗುತ್ತದೆ. ಮೊದಮೊದಲು ಎಂಟು ಹತ್ತು ಗಂಟೆ ಆರಾಮ. ಆದರೆ ದಿನವೂ ಬಿಟ್ಟುಕೊಳ್ಳುತ್ತಾ ಹೋದರೆ ರಕ್ತನಾಳಗಳು ಆ ಔಷಧಿಗೆ ಕಿವಿಗೊಡುವುದನ್ನೇ ಕಡಿಮೆ ಮಾಡುತ್ತವೆ. ಅದರ ಪ್ರಭಾವ ಇಳಿದೊಡನೆ ಮೊದಲಿಗಿಂತ ಹೆಚ್ಚು ಹಿಗ್ಗಿ ಕೂರುತ್ತವೆ. ಆಗ ಇನ್ನೆರಡು ಹನಿ. ಆ ಹನಿಯೇ ಮುಂದಿನ ಸಲ ಮೂಗು ಕಟ್ಟಲು ಕಾರಣ.

“ಸೀನು ಬರತ್ತಾ? ಮೂಗು ಸುರಿಯತ್ತಾ? ಕಣ್ಣು ತುರಿಸತ್ತಾ?” ಮೂರಕ್ಕೂ ಇಲ್ಲ ಅಂದೆ. “ಮೊದಲು ಎಂಟು ಗಂಟೆ ಬರ್ತಿದ್ದದ್ದು ಈಗ ಎಷ್ಟು ಹೊತ್ತು?” ಎರಡು ಮೂರು ಗಂಟೆ ಅಂದೆ. ಗುರುತು ಇದೇ ಅಂದಳು: ನೆಗಡಿಯ ಬೇರೆ ಲಕ್ಷಣವೆಲ್ಲ ಹೋಗಿ ಬರೀ ಕಟ್ಟುವುದು ಉಳಿದಿರಬೇಕು, ಹನಿಗಳ ನಡುವಿನ ಅಂತರ ಕುಗ್ಗುತ್ತಾ ಬಂದಿರಬೇಕು. ಅಲ್ಲಿಗೆ ನನ್ನ ಇಡೀ ವಂಶಾವಳಿ ಬಯಲಾಯಿತು. ಹನಿಯಿಂದ ಮೂಗು ಕಟ್ಟಿತು, ಕಟ್ಟಿದ ಮೂಗಿನಿಂದ ಬಾಯಿ ಒಣಗಿತು, ಒಣಗಿದ ಗಂಟಲಿನಿಂದ ಕೆಮ್ಮು ಹುಟ್ಟಿತು, ಕೆಮ್ಮಿನಿಂದ ಎರಡು ಸಿರಪ್ಪು, ಸಿರಪ್ಪಿನಿಂದ ನಡುಗುವ ಕೈ, ನಡುಗುವ ಕೈಯಿಂದ ಮೇಜುಬಟ್ಟೆಯ ಮೇಲಿನ ಕಾಫಿ ಕಲೆ.

ಡ್ರಾಪ್ಸ್ ಬೇಡವಾದರೆ ನೆಗಡಿ ಮಾತ್ರೆ ನುಂಗುತ್ತೇನೆ ಅಂತ ಕೊನೆಯ ಪಟ್ಟು ಹಾಕಿದೆ. ಅದನ್ನೂ ಅವಳು ಕೆಡವಿದಳು. ನಮ್ಮಲ್ಲಿ ಸಿಗುವ ಅನೇಕ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಇರುವುದು ಫೀನೈಲೆಫ್ರಿನ್. ನುಂಗಿದ್ದರಲ್ಲಿ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ಒಡೆದುಹೋಗಿ, ಮೂಗಿನವರೆಗೆ ತಲುಪುವುದು ಚೂರುಪಾರು. 2023ರಲ್ಲಿ ಅಮೆರಿಕದ ಎಫ್‌ಡಿಎಯ ಸಲಹಾ ಸಮಿತಿ, ನುಂಗುವ ಫೀನೈಲೆಫ್ರಿನ್‌ನಿಂದ ಕಟ್ಟಿದ ಮೂಗು ಬಿಡುವುದಿಲ್ಲವೆಂದು ಒಮ್ಮತದಿಂದ ಹೇಳಿತು. ಹಾಗಾದರೆ ಮಾತ್ರೆ ನುಂಗಿದರೆ ಹಾಯೆನಿಸುವುದು ಏಕೆ? ಅದರಲ್ಲೇ ಇರುವ ಪ್ಯಾರಸಿಟಮಾಲ್ ಮೈಕೈ ನೋವು ತೆಗೆಯುತ್ತದೆ, ಅಲರ್ಜಿ ಔಷಧಿ ನಿದ್ದೆ ಬರಿಸುತ್ತದೆ. ನಿದ್ದೆ ಹೋದವನಿಗೆ ಮೂಗಿನ ಚಿಂತೆ ಎಲ್ಲಿ?

ಕೊನೆಗೆ ಇ.ಎನ್.ಟಿ. ಡಾಕ್ಟರ ಬಳಿಗೆ ಹೋದೆ. ಅವರು ಟಾರ್ಚು ಬಿಟ್ಟು ನೋಡಿದರು. “ಕೆಂಪಗೆ ಊದಿಕೊಂಡಿದೆ. ಎಷ್ಟು ಬಾಟಲಿ ಆಯ್ತು ಯಜಮಾನರೇ?” ಅಂದರು. ಬಿ.ಪಿ.ಯನ್ನೂ ನೋಡಿದರು, ರಕ್ತನಾಳ ಬಿಗಿಯುವ ಈ ಔಷಧಿಗಳಿಗೂ ಬಿ.ಪಿ.ಗೂ ಅಷ್ಟಕ್ಕಷ್ಟೇ. ಆಮೇಲೆ ಫ್ಲುಟಿಕಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಬರೆದು, ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ ಎರಡು ಸಲ ಒತ್ತಲು ಹೇಳಿದರು. ಅದು ನನ್ನ ಹನಿಯಂತೆ ತಕ್ಷಣ ಫಲ ಕೊಡುವುದಿಲ್ಲ, ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ತಲೆ ಹಿಂದಕ್ಕೆ ಬಾಗಿಸದೆ ಸ್ವಲ್ಪ ಮುಂದಕ್ಕೆ ಬಗ್ಗಿ, ಬಲಗೈಯಿಂದ ಎಡಹೊಳ್ಳೆಗೆ, ಎಡಗೈಯಿಂದ ಬಲಹೊಳ್ಳೆಗೆ, ತುದಿ ನಡುಗೋಡೆಗೆ ತಾಗದಂತೆ ಹೊರಮಗ್ಗುಲಿಗೆ ತಿರುಗಿಸಿ ಒತ್ತಬೇಕು. ಜೋರಾಗಿ ಎಳೆದುಕೊಂಡರೆ ಮದ್ದು ಗಂಟಲಿಗೆ. ನಡುನಡುವೆ ಬರೀ ಉಪ್ಪುನೀರಿನ ಡ್ರಾಪ್ಸ್. ಎರಡೂ ಕಡೆ ಒಮ್ಮೆಲೇ ಹನಿ ನಿಲ್ಲಿಸಲು ನಿಮ್ಮಿಂದ ಆಗದು, ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೊಂದಕ್ಕೆ ಅಂದರು.

ಎಡಹೊಳ್ಳೆ ಆಯ್ಕೆಯಾಯಿತು. ಒಂದೇ ಸೂರಿನ ಕೆಳಗೆ ಕುಡುಕ ಅಣ್ಣ, ಕುಡಿತ ಬಿಟ್ಟ ತಮ್ಮ ಇದ್ದಹಾಗಿತ್ತು ನನ್ನ ಮುಖ. ಬಲಹೊಳ್ಳೆ ಹೊತ್ತುಹೊತ್ತಿಗೆ ಹನಿ ಹಾಕಿಕೊಂಡು ಸುಖವಾಗಿ ಉಸಿರಾಡುತ್ತಿತ್ತು, ಎಡಹೊಳ್ಳೆ ಬಾಗಿಲು ಹಾಕಿಕೊಂಡು ಉಪವಾಸ ಕೂತಿತ್ತು. ಮೊದಲ ಕೆಲವು ರಾತ್ರಿ ಎರಡು ದಿಂಬು ಏರಿಸಿ, ಅರ್ಧ ಕೂತು ಮಲಗಿದೆ. ಬೆಳಿಗ್ಗೆ ಎದ್ದೊಡನೆ ಮನೆಮಂದಿಯೆಲ್ಲ ಕೇಳುತ್ತಿದ್ದದ್ದು ನನ್ನ ಯೋಗಕ್ಷೇಮವಲ್ಲ, ಎಡಹೊಳ್ಳೆಯದ್ದು. ಹೆಂಡತಿ ಕನ್ನಡಿ ತಂದು ಮೂಗಿನ ಕೆಳಗೆ ಹಿಡಿದು, ಎಡಗಡೆ ಎಷ್ಟು ಆವಿ ಕೂತಿತು, ಬಲಗಡೆ ಎಷ್ಟು ಅಂತ ನೋಡಿ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ಒಂದು ಬೆಳಿಗ್ಗೆ ಎರಡೂ ಕಡೆ ಸಮ ಕಂಡಿತು. ಆ ವಾರವೇ ಬಲಹೊಳ್ಳೆಯ ಪಾಲೂ ನಿಂತಿತು. ಕೆಮ್ಮು ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ. ಕೆಂಪು ಬಾಟಲಿಯನ್ನೂ ಹಸಿರು ಬಾಟಲಿಯನ್ನೂ ಯಾರೂ ಮುಟ್ಟಿರಲಿಲ್ಲ.

ನಿಮ್ಮ ಜೇಬಿನಲ್ಲೂ ಅಂಥದ್ದೊಂದು ಬಾಟಲಿ ಇದ್ದರೆ, ಮುಚ್ಚಳ ತೆರೆದ ದಿನವೇ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದಿಡಿ. ಮೂರು ದಿನ, ಹೆಚ್ಚೆಂದರೆ ಐದು. ಅದು ಆಗಲೇ ದಾಟಿಹೋಗಿದ್ದರೆ ಇನ್ನೊಂದು ಬಾಟಲಿ ಕೊಳ್ಳಬೇಡಿ, ಡಾಕ್ಟರ ಹತ್ತಿರ ಹೋಗಿ. ಎಷ್ಟು ಬಾಟಲಿ ಆಯಿತು ಅಂತ ಅವರು ಕೇಳಿಯೇ ಕೇಳುತ್ತಾರೆ, ದಯವಿಟ್ಟು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಸರಿಯಾದ ಲೆಕ್ಕ ಅವಳ ಬಳಿಯೇ ಇರುತ್ತದೆ.