ಚಟಕ್ಕೆ ಹದಿನಾರು ಮಾತ್ರೆ

ಮೊಬೈಲ್ ಚಟದ ಬಗ್ಗೆ ಮೇಷ್ಟ್ರುಗಳು ಭಾಷಣ ಮಾಡುತ್ತಾರೆ, ಪೊಲೀಸರು ಜಾಗೃತಿ ಶಿಬಿರ ಮಾಡುತ್ತಾರೆ, ಪತ್ರಿಕೆಯವರು ವಿಶೇಷ ಪುಟ ತರುತ್ತಾರೆ. ಚಟ ನಿಜವಾಗಿ ಇರುವವರ ಕೈಗೆ ಮೈಕು ಸಿಗುವುದು ಕಾಲೇಜು ಫೆಸ್ಟಿನಲ್ಲಿ ಮಾತ್ರ. ಮೂಡುಬಿದಿರೆ ಕಡೆಯ ಒಂದು ಫೆಸ್ಟಿನವರು ಈ ಸಲ ರ‍್ಯಾಪ್ ಸ್ಪರ್ಧೆಗೆ ಇದೇ ವಿಷಯ ಕೊಟ್ಟರು. ಕನ್ನಡದಲ್ಲೇ ಇರಬೇಕು, ಎರಡು ನಿಮಿಷ ಮೀರಬಾರದು, ಯಾರನ್ನೂ ಬೈಯಬಾರದು. ಕೊನೆಯ ನಿಯಮ ಕೇಳಿದರೆ ಅಮೆರಿಕದ ರ‍್ಯಾಪಿನವರು ಅರ್ಧಕ್ಕರ್ಧ ಮನೆಗೆ ಹೋದಾರು.

ಬಂಟ್ವಾಳದ ಅಕ್ಕನ ಮಗ ಹೆಸರು ಕೊಟ್ಟು ಬಂದು, ಬರೆದುಕೊಡುವ ಕೆಲಸವನ್ನು ಬೆಳ್ತಂಗಡಿಯಲ್ಲಿರುವ ನನ್ನ ತಲೆಗೆ ಕಟ್ಟಿದ. ಅಳಿಯಸಂತಾನದ ಕಾಲವಾಗಿದ್ದರೆ ಮಾವನಿಂದ ಅವನಿಗೆ ನಾಲ್ಕು ಗದ್ದೆಯಾದರೂ ಸಿಗುತ್ತಿತ್ತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಮಾವನಲ್ಲಿ ಉಳಿದಿರುವುದು ಛಂದಸ್ಸು ಮಾತ್ರ, ಅದಕ್ಕೆ ಇಷ್ಟು ವರ್ಷ ವಾರಸುದಾರರೇ ಇರಲಿಲ್ಲ.

ಬಂಟ್ವಾಳಕ್ಕೆ ಹೋಗಿ ಅಕ್ಕನ ಜಗಲಿಯಲ್ಲಿ ಕೂತೆ. "ಒಂದು ವರ್ಸಿಗೆ 16 ಬಾರ್ ಬೇಕು ಮಾವ" ಎಂದ.

ಒಳಗಿಂದ ಅಕ್ಕ, "ಬಂಟ್ವಾಳ ಪೇಟೆಯಲ್ಲೇ ಅಷ್ಟು ಇಲ್ಲ ಮಾರಾಯ" ಎಂದಳು.

ಬಾರ್ ಎಂದರೆ ತಾಳದ ಒಂದು ಸುತ್ತು. ಸುತ್ತಿಗೆ ನಾಲ್ಕು ಪೆಟ್ಟು: ಒಂದು ಮತ್ತು ಮೂರರಲ್ಲಿ ದಪ್ಪ ಡ್ರಮ್ಮಿನ ಗುದ್ದು, ಎರಡು ಮತ್ತು ನಾಲ್ಕರಲ್ಲಿ ಚಟ್ ಎನ್ನುವ ಸ್ನೇರ್. ಪ್ರತಿ ಪೆಟ್ಟಿನೊಳಗೆ ನಾಲ್ಕು ಪುಟ್ಟ ಮನೆಗಳು, ಒಟ್ಟು 16. ಅವನು ಇದನ್ನೆಲ್ಲ ವಿವರಿಸುತ್ತಿದ್ದಂತೆ ನನಗೆ ನಗು ಬಂತು. ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ 16 ಮಾತ್ರೆ, ಎರಡೆರಡು ಸಾಲಿಗೆ ಪ್ರಾಸ: ಇದು ಮಂದಾನಿಲ ರಗಳೆ! ಹಂಪೆಯ ಹರಿಹರ ಶರಣರ ಕಥೆ ಹೇಳಲು ರಗಳೆಯನ್ನೇ ಹಿಡಿದವನು. ಅವನ ಹಿಂದೆ ಡ್ರಮ್ ಇರಲಿಲ್ಲ ಅಷ್ಟೆ.

ಅಳಿಯನ ಮೊದಲ ಸಾಲು "ಮೊಬೈಲು ಮೊಬೈಲು ಎಲ್ಲೆಡೆ ಮೊಬೈಲು" ಎಂದಿತ್ತು. ಹೇಳಿಸಿದೆ, ಕುಂಟಿತು. ಕಾರಣ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ತಿಳಿಯುತ್ತದೆ. "ಮೊ" ಲಘು, "ಬೈ" ಗುರು, "ಲು" ಮತ್ತೆ ಲಘು. ಮಾತ್ರೆ ನಾಲ್ಕೇ ಆದರೂ ಡ್ರಮ್ಮಿನ ಗುದ್ದು ಬಡಕಲು "ಮೊ" ಮೇಲೆ ಬೀಳುತ್ತದೆ, ತೂಕವೆಲ್ಲ ಅದರಾಚೆಯ "ಬೈ"ಯಲ್ಲಿ ಕೂತಿರುತ್ತದೆ. ಷಟ್ಪದಿ ಬರೆಯುವವರು ಲಘುವಿನ ಬೆನ್ನಿಗೇ ಗುರು ಬರುವ ಗಣವನ್ನು ಹತ್ತಿರ ಬಿಟ್ಟುಕೊಳ್ಳದಿರುವುದು ಇದಕ್ಕೇ. ಹುಡುಗ ಗುದ್ದಿಗೆ ಸರಿಹೊಂದಿಸಲು "ಮೋ… ಬೈಲು" ಎಂದು ಎಳೆದಾಗ, ಯಾರದೋ ಬೈಲುಗದ್ದೆ ಹರಾಜಿಗೆ ಬಂದಂತೆ ಕೇಳಿಸಿತು. "ಫೋನಿನ" ಎಂದು ಮಾಡಿದೆವು. ಗುರು ಮುಂದೆ, ಲಘುಗಳು ಹಿಂದೆ, ಗುದ್ದಿನ ಮೇಲೆ ಸರಿಯಾಗಿ ಕೂತಿತು.

ವಿಚಿತ್ರವೆಂದರೆ ಫೋನಿನ ಪರಿವಾರದ ಮಿಕ್ಕವರೆಲ್ಲ ಹುಟ್ಟಾ ಚತುರ್ಮಾತ್ರಾ ಗಣದವರು. ಚಾರ್ಜರ್, ಬ್ಯಾಟರಿ, ಸ್ಟೇಟಸ್, ವಾಟ್ಸಾಪ್, ನೆಟ್‌ವರ್ಕ್, ಡೇಟಾ, ರೀಚಾರ್ಜ್: ಎಣಿಸಿ ನೋಡಿ, ಎಲ್ಲ ನಾಲ್ಕು ನಾಲ್ಕೇ, ಎಲ್ಲದರ ತಲೆಯಲ್ಲೂ ಗುರು. ನಲವತ್ತು ವರ್ಷದ ಹಿಂದೆ ಇವು ಬಂದಿದ್ದರೆ ತರಗತಿಯಲ್ಲಿ ನನ್ನ ಉದಾಹರಣೆಗಳು ಎಷ್ಟು ಲವಲವಿಕೆಯಿಂದ ಇರುತ್ತಿದ್ದವು!

ಆದಿಪ್ರಾಸವನ್ನೂ ನಾನು ಬಿಡಲಿಲ್ಲ. ಹಾಗೆ ಹುಟ್ಟಿದ ಮೊದಲ ನಾಲ್ಕು ಸಾಲು:

ಬೆಳಗಾಗುತ್ತಲೆ ಫೋನಿನ ದರ್ಶನ
ಒಳಗಿನ ದೇವರಿಗೆಲ್ಲಿದೆ ವಂದನ
ಪಾಠದ ಹೊತ್ತಿಗೆ ಬೆಂಚಿನ ಕೆಳಗಡೆ
ಊಟದ ಹೊತ್ತಿಗೆ ತಟ್ಟೆಯ ಎಡಗಡೆ

"ಎಡಗಡೆ ಎಂತಕ್ಕೆ ಮಾವ?" ಎಂದ. ಬಲಗೈಯಲ್ಲಿ ಉಣ್ಣುವವನ ಫೋನು ಇನ್ನೆಲ್ಲಿರುತ್ತದೆ? ಬಾಳೆಲೆಯಲ್ಲಿ ಉಪ್ಪು ಉಪ್ಪಿನಕಾಯಿಗೆ ಇದ್ದ ದಿಕ್ಕನ್ನು ಈಗ ಅದು ಹಿಡಿದಿದೆ. ಠಕ್ಕೆ ಟ ಪ್ರಾಸವಾಗುತ್ತದೆಯೇ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ, ನಮ್ಮ ಕಡೆ ಬಾಯಲ್ಲಿ ಎರಡೂ ಒಂದೇ ಎಂದು ಹೇಳಿ ಪಾರಾಗುತ್ತಿದ್ದೆ.

ಮುಂದಿನ ಜಗಳ ವೇಗದ್ದು. ಅವನು ಯೂಟ್ಯೂಬಿನಿಂದ ಇಳಿಸಿಕೊಂಡ ಬೀಟು ನಿಮಿಷಕ್ಕೆ 140 ಪೆಟ್ಟಿನದು. ಪೆಟ್ಟಿಗೆ ನಾಲ್ಕರಂತೆ ಸೆಕೆಂಡಿಗೆ ಒಂಬತ್ತಕ್ಕೂ ಹೆಚ್ಚು ಮಾತ್ರೆ ನಾಲಿಗೆ ದಾಟಬೇಕು. ಪಳಗಿದವರಿಗೆ ಅದು ಸಾಧ್ಯ. ಇವನ ಬಾಯಲ್ಲಿ "ಹೊತ್ತಿಗೆ" ಹೋಗಿ "ಹೊತ್ಗೆ" ಆಗುತ್ತಿತ್ತು. ನಾಲ್ಕು ಮಾತ್ರೆ ಮೂರಕ್ಕಿಳಿಯಿತೆಂದರೆ ಡ್ರಮ್ಮಿಗಿಂತ ಮುಂಚೆ ಹೋಗಿ ನಿಂತು ಅದರ ದಾರಿ ಕಾಯಬೇಕು, ಮುಂದಿನ ಸಾಲಿಗೆ ಓಡಬೇಕು. ಪರೀಕ್ಷೆ ಸುಲಭದ್ದು: ಜಗಲಿಯಲ್ಲಿ ಇವನು ಹೇಳುವುದು, ಅಡುಗೆಮನೆಯಲ್ಲಿ ಅಕ್ಕ ಕೇಳುವುದು. 140ರಲ್ಲಿ ಅವಳಿಗೆ ಅರ್ಥವಾದದ್ದು "ಊಟ" ಒಂದೇ, ಕೂಡಲೇ ಬಡಿಸಲು ಹೊರಟಳು. 90ಕ್ಕೆ ಇಳಿಸಿದೆವು. ಸೆಕೆಂಡಿಗೆ ಆರು ಮಾತ್ರೆಯಾದಾಗ ಎಲ್ಲ ಕೇಳಿಸಿತು. "ದೇವರಿಗೆಲ್ಲಿದೆ ವಂದನ" ಎಂಬ ಸಾಲಿಗೆ ಅವಳು ಜೋರಾಗಿ ಹೌದೆಂದದ್ದು ನಮಗೂ ಕೇಳಿಸಿತು.

ಆದರೂ ನಾಲ್ಕನೆಯ ಸಾಲಿನ ಹೊತ್ತಿಗೆ ಹುಡುಗ ನೀರಿನಿಂದ ಎತ್ತಿ ಹಾಕಿದ ಮೀನಿನಂತೆ ಬಾಯಿ ಬಿಡುತ್ತಿದ್ದ. 16 ಮನೆಗೂ ಬಾಡಿಗೆಯವರನ್ನು ತುಂಬಿಸಿದ್ದೆ, ಉಸಿರಿಗೆ ಮನೆಯೇ ಇರಲಿಲ್ಲ. ಹರಿಹರನಿಗೆ ಈ ತಾಪತ್ರಯವಿಲ್ಲ, ಓದುವವರು ಬೇಕಾದಲ್ಲಿ ನಿಂತು ಎಲೆಯಡಿಕೆ ಹಾಕಿಕೊಳ್ಳಬಹುದಿತ್ತು. ಬೀಟು ಯಾರಿಗೂ ಕಾಯುವುದಿಲ್ಲ. ಹಾಗಾಗಿ ನಾಲ್ಕಕ್ಕೊಂದು ಸಾಲಿನಲ್ಲಿ ಕೊನೆಯ ಗಣವನ್ನೇ ಖಾಲಿ ಬಿಟ್ಟೆವು. "ಊಟಕೆ ತಟ್ಟೆಯ ಎಡಗಡೆ" ಎಂದು 12ಕ್ಕೆ ನಿಲ್ಲಿಸುವುದು, ಉಳಿದ ನಾಲ್ಕು ಮಾತ್ರೆ ಮೂಗಿಗೆ. ಮುಕ್ಕಾಲು ಸೆಕೆಂಡೂ ಇಲ್ಲ, ಆದರೆ ಸಾಕು. ಸಾಲು ಪ್ರಾಸದಲ್ಲೇ ನಿಲ್ಲುವುದರಿಂದ ಕೇಳುವವರಿಗೆ ಅದು ಉಸಿರಿನ ಜಾಗವೆಂದು ಗೊತ್ತಾಗುವುದಿಲ್ಲ, ಗತ್ತೆಂದುಕೊಳ್ಳುತ್ತಾರೆ.

ಎರಡು ನಿಮಿಷವೆಂದರೆ 90ರ ವೇಗದಲ್ಲಿ 45 ಸುತ್ತು. ಮೊದಲ ನಾಲ್ಕು ಬರಿಯ ಬೀಟಿಗೆ, 16ರ ಎರಡು ವರ್ಸು, ನಾಲ್ಕರ ಪಲ್ಲವಿ ಎರಡು ಸಲ. ಒಂದು ಸುತ್ತು ಮಿಕ್ಕಿತು. ಸ್ಪರ್ಧೆ ನಡೆಯುವುದು ರತ್ನಾಕರವರ್ಣಿಯ ಊರಿನಲ್ಲಿ, ಸಾಂಗತ್ಯದಲ್ಲಿ ಸುಮಾರು ಹತ್ತು ಸಾವಿರ ಪದ್ಯ ಬರೆದ ಪುಣ್ಯಾತ್ಮನ ಊರು. ಅಲ್ಲಿ ನಾವು ಒಂದು ಸುತ್ತು ಮಿಗಿಸಿ ಬಂದದ್ದು ಯಾರಿಗೂ ಗೊತ್ತಾಗಲಾರದು ಎಂದೆ.

ಸ್ಪರ್ಧೆಯ ದಿನ ಅಕ್ಕ, ಮಗ ಸಿದ್ಧಕಟ್ಟೆ ದಾರಿಯಾಗಿ ಬಂದರು, ನಾನು ಗುರುವಾಯನಕೆರೆ, ವೇಣೂರು ದಾಟಿ ಹೋದೆ. ಮುಂಚೆ ಹಾಡಿದವರೆಲ್ಲ ಸಾಹಿತ್ಯವನ್ನು ಫೋನು ನೋಡಿಯೇ ಓದಿದರು. ನಮ್ಮವನಿಗೆ ಬಾಯಿಪಾಠವಿತ್ತು. ಆದರೆ ಬೀಟು ಇದ್ದದ್ದು ಅವನ ಫೋನಿನಲ್ಲೇ, ಅದಕ್ಕೆ ವೈರು ಚುಚ್ಚಿ ಸೌಂಡ್ ಬಾಕ್ಸಿಗೆ ಕೊಟ್ಟಿದ್ದರು. ಮೊದಲ ವರ್ಸು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ

ಆಸೆಯ ರೀಲಿಗೆ ಕುತ್ತಿಗೆ ಬಗ್ಗಿಸಿ
ಬೀಸೀರೋಡಲಿ ಬಸ್ಸನು ತಪ್ಪಿಸಿ

ಎಂದು ಮುಗಿಸುವಷ್ಟರಲ್ಲಿ ಬೀಟು ನಿಂತಿತು. ಇಡೀ ಸಭಾಂಗಣಕ್ಕೆ ಕೇಳುವಂತೆ ಅವನ ರಿಂಗ್‌ಟೋನ್ ಹೊಡೆದುಕೊಳ್ಳತೊಡಗಿತು. ಮೂರನೆಯ ಸಾಲಿನ ಕುರ್ಚಿಯಲ್ಲಿ ಅಕ್ಕ, ಕಿವಿಯಲ್ಲಿ ಫೋನು.

ಹುಡುಗ ನಿಲ್ಲಿಸಲಿಲ್ಲ. ತೊಡೆ ತಟ್ಟಿಕೊಂಡು ಮುಂದುವರಿಸಿದ. ಗುರು ಗುರುವಿನ ಜಾಗದಲ್ಲಿದ್ದದ್ದರಿಂದ ಡ್ರಮ್ ಇಲ್ಲದೆಯೂ ಪೆಟ್ಟು ಎಲ್ಲಿ ಬೀಳಬೇಕೆಂದು ಸಭೆಗೆ ಗೊತ್ತಿತ್ತು. ಎರಡನೆಯ ಸಾಲಿಗೆಲ್ಲ ಹಿಂದಿನ ಬೆಂಚಿನವರು ಸ್ನೇರಿನ ಜಾಗದಲ್ಲೇ ಚಪ್ಪಾಳೆ ಹೊಡೆಯುತ್ತಿದ್ದರು. ಮಿಕ್ಕಿದ್ದ ಒಂದು ಸುತ್ತೂ ಅವರ ಶಿಳ್ಳೆಗೇ ಖರ್ಚಾಯಿತು.

ತೀರ್ಪುಗಾರರಲ್ಲೊಬ್ಬರು, "ಮಧ್ಯದಲ್ಲಿ ಕಾಲ್ ಬರಿಸಿದ್ದು ಒಳ್ಳೆ ಐಡಿಯಾ. ಮೊದಲೇ ಪ್ಲಾನ್ ಮಾಡಿದ್ದಾ?" ಎಂದು ಕೇಳಿದರು. ಅಳಿಯ ಕಣ್ಣು ಮಿಟುಕಿಸದೆ "ಹೌದು ಸರ್" ಎಂದ. ಎರಡನೆಯ ಬಹುಮಾನ ಬಂತು.

ಪ್ಲಾನಿನ ರೂವಾರಿ ಮೂರನೆಯ ಸಾಲಿನಿಂದ ಎದ್ದು ಬರುತ್ತಿದ್ದಳು. ಮೈಕು ಅವನ ಬಾಯಿಗೆ ತೀರಾ ಹತ್ತಿರವಾಯಿತು, ಸ್ವಲ್ಪ ದೂರ ಹಿಡಿ ಎಂದು ಹೇಳುವುದಕ್ಕೆ ಫೋನು ಮಾಡಿದ್ದಂತೆ. ವೇದಿಕೆಯ ಮೇಲಿರುವವನಿಗೆ ಫೋನು ಮಾಡುವುದುಂಟಾ ಎಂದು ನಾನು ಕೇಳಿದರೆ ನನ್ನ ಕಡೆ ತಿರುಗಿ ನೋಡಲೂ ಇಲ್ಲ.

"ದಿನ ಪೂರ್ತಿ ಅದನ್ನು ಹಿಡ್ಕೊಂಡೇ ಇರ್ತಿಯಲ್ಲ" ಎಂದಳು ಮಗನಿಗೆ, "ನಾನು ಮಾಡಿದ್ರೆ ಮಾತ್ರ ಎತ್ಲಿಕ್ಕೆ ಆಗೂದಿಲ್ಲ ಅಲ್ವಾ?"